ರಿಪೋರ್ಟ್‌ನಲ್ಲಿ ‘ಎಸ್’ ಇದ್ದ ಮಾತ್ರೆಯೆಲ್ಲ ಬಸುರಿಗೆ ಆಗಲ್ಲ

ಪ್ರಶ್ನೆ: ನನಗೀಗ ಏಳನೇ ತಿಂಗಳು. ಉರಿಮೂತ್ರ ಜಾಸ್ತಿಯಾಗಿ ಡಾಕ್ಟರ್ ಹತ್ತಿರ ಹೋದೆ. ಯೂರಿನ್ ಕಲ್ಚರ್ ಮಾಡಿಸಿದರು. ರಿಪೋರ್ಟ್‌ನಲ್ಲಿ ಇ. ಕೋಲಿ ಅಂತ ಬಂದಿದೆ. ಆಂಪಿಸಿಲಿನ್, ಸೆಫಿಕ್ಸಿಮ್ ಮುಂದೆ ‘ಆರ್’ ಇದೆ. ಸಿಪ್ರೊಫ್ಲಾಕ್ಸಾಸಿನ್, ಕೋಟ್ರೈಮಾಕ್ಸಜೋಲ್, ನೈಟ್ರೊಫ್ಯೂರಾಂಟೊಯಿನ್, ಫಾಸ್ಫೊಮೈಸಿನ್ ಮುಂದೆ ‘ಎಸ್’ ಇದೆ. ಡಾಕ್ಟರ್ ನೈಟ್ರೊಫ್ಯೂರಾಂಟೊಯಿನ್ 5 ದಿನಕ್ಕೆ ಬರೆದಿದ್ದಾರೆ. ನನ್ನ ತಂಗಿಗೆ ಎರಡನೇ ತಿಂಗಳಲ್ಲಿ ಹೀಗೇ ಆದಾಗ ಸೆಫಾಲೆಕ್ಸಿನ್ ಕೊಟ್ಟಿದ್ದರು. ನಮ್ಮವರಿಗೆ ಹಿಂದೆ ಸಿಪ್ರೊಫ್ಲಾಕ್ಸಾಸಿನ್‌ನಲ್ಲೇ ವಾಸಿಯಾಗಿತ್ತು. ಅತ್ತೆ, ‘ಇದು ಉಷ್ಣ, ಮಾತ್ರೆ ಬೇಡ, ಬಾರ್ಲಿ ನೀರು ಕುಡಿ’ ಅಂತಾರೆ. ಮಗುವಿಗೆ ಯಾವುದು ಸೇಫ್?
– ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನಿಮ್ಮ ಡಾಕ್ಟರ್ ಬರೆದುಕೊಟ್ಟಿದ್ದು ಸರಿಯಾಗಿದೆ. ಧೈರ್ಯವಾಗಿ ತೆಗೆದುಕೊಳ್ಳಿ. ಯಾಕೆ ಸರಿ ಅನ್ನೋದು ನಿಮ್ಮ ರಿಪೋರ್ಟ್‌ನಲ್ಲೇ ಅರ್ಧ ಇದೆ. ಇನ್ನರ್ಧ ಅದರಲ್ಲಿ ಇಲ್ಲ.

ಲ್ಯಾಬ್‌ನಲ್ಲಿ ಮಾಡೋದು ಇಷ್ಟು. ನಿಮ್ಮ ಮೂತ್ರದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಒಂದು ಪ್ಲೇಟ್ ಮೇಲೆ ಬೆಳೆಸಿ, ಅದರ ಮೇಲೆ ಒಂದೊಂದು ಔಷಧಿ ಹಚ್ಚಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮಾರನೇ ದಿನ ನೋಡಿದಾಗ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಅಗಲವಾಗಿ ಖಾಲಿ ಬಿಟ್ಟಿದ್ದರೆ ‘ಎಸ್’. ಬಿಲ್ಲೆಯ ಅಂಚಿನವರೆಗೂ ಬೆಳೆದಿದ್ದರೆ ‘ಆರ್’. ಈಗ ಕೆಲವು ಲ್ಯಾಬ್‌ಗಳಲ್ಲಿ ಮೆಷಿನ್ ಮಾಡುತ್ತೆ, ಆದರೆ ಕೇಳುವ ಪ್ರಶ್ನೆ ಅದೇ: ಈ ಔಷಧಿಗೆ ಈ ಬ್ಯಾಕ್ಟೀರಿಯಾ ಸಾಯುತ್ತಾ? ಮೂತ್ರ ಕೊಟ್ಟವರು ಬಸುರಿಯೋ, ಎಷ್ಟನೇ ತಿಂಗಳೋ, ಪ್ಲೇಟ್‌ಗೆ ಗೊತ್ತಿಲ್ಲ. ಅದಕ್ಕೇ ಸಿಪ್ರೊಫ್ಲಾಕ್ಸಾಸಿನ್ ಮುಂದೆಯೂ ‘ಎಸ್’ ಬಂದಿದೆ.

ಹಾಗಾಗಿ ಬಸುರಿಯ ರಿಪೋರ್ಟನ್ನು ಎರಡು ಸಲ ಜಾಲಿಸಬೇಕು. ಮೊದಲು ‘ಆರ್’ ಇರೋದನ್ನೆಲ್ಲ ಬಿಡಿ. ಆಂಪಿಸಿಲಿನ್, ಸೆಫಿಕ್ಸಿಮ್ ಎರಡೂ ಮಗುವಿಗೆ ತೊಂದರೆ ಕೊಡದ ಔಷಧಿಗಳೇ. ಆದರೆ ನಿಮ್ಮ ಬ್ಯಾಕ್ಟೀರಿಯಾಕ್ಕೂ ಅವು ತೊಂದರೆ ಕೊಡಲ್ಲ. ಸುಮ್ನೆ ನುಂಗಿದ ಹಾಗೆ.

ಆಮೇಲೆ ‘ಎಸ್’ ಇದ್ದರೂ ಬಸುರಿಗೆ ಬೇಡದ್ದನ್ನು ತೆಗೆಯಬೇಕು. ಸಿಪ್ರೊಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಒಂದೇ ಗುಂಪು. ಹೆಸರಿನ ಕೊನೆಯಲ್ಲಿ ‘ಫ್ಲಾಕ್ಸಾಸಿನ್’ ನೋಡಿದರೆ ಸಾಕು, ಗುರುತು ಸಿಗುತ್ತೆ. ಪ್ರಾಣಿಗಳ ಮರಿಗಳಲ್ಲಿ ಇವು ಕೀಲಿನ ಮೃದ್ವಸ್ಥಿಗೆ ಹಾನಿ ಮಾಡಿದ್ದು ಕಂಡುಬಂದಿದೆ. ಬೇರೆ ದಾರಿ ಇರುವಾಗ ಬಸುರಿಗೆ ಕೊಡಲ್ಲ. ನಮ್ಮ ಕಡೆ ಮೆಡಿಕಲ್ ಶಾಪ್‌ನಲ್ಲಿ ‘ಯೂರಿನ್ ಉರಿ’ ಅಂದ ತಕ್ಷಣ ಕೈಗೆ ಬರೋದು ಈ ಗುಂಪಿನದೇ ಜಾಸ್ತಿ. ಮನೆಯಲ್ಲಿ ನಿಮ್ಮವರು ಮಿಗಿಸಿದ ಸ್ಟ್ರಿಪ್ ಇದ್ದರೆ ಅದನ್ನು ಮುಟ್ಟಬೇಡಿ. ಯಾರಾದರೂ ಗೊತ್ತಿಲ್ಲದೆ ಒಂದೆರಡು ನುಂಗಿದ್ದರೆ ಮಗುವಿಗೆ ಏನೋ ಆಗಿಹೋಯಿತು ಅಂತ ಹೆದರೋದು ಬೇಡ. ನಿಲ್ಲಿಸಿ, ಡಾಕ್ಟರಿಗೆ ಹೇಳಿದರೆ ಸಾಕು.

ಉಳಿದದ್ದು ಮೂರು. ಕೋಟ್ರೈಮಾಕ್ಸಜೋಲ್ ಫೋಲಿಕ್ ಆಸಿಡ್‌ನ ಕೆಲಸಕ್ಕೆ ಅಡ್ಡ ಬರುತ್ತೆ, ಅದಕ್ಕೆ ಮೊದಲ ಮೂರು ತಿಂಗಳು ಬೇಡ. ಹೆರಿಗೆ ಹತ್ತಿರ ಬಂದಾಗ ಮಗುವಿನ ಕಾಮಾಲೆ ಜಾಸ್ತಿ ಮಾಡಬಹುದು, ಆಗಲೂ ಬೇಡ. ನಡುವಿನ ತಿಂಗಳುಗಳಲ್ಲಿ ಕೊಡೋದುಂಟು. ಆದರೆ ಅದಕ್ಕಿಂತ ಒಳ್ಳೆಯವು ಎರಡು ನಿಮ್ಮ ರಿಪೋರ್ಟ್‌ನಲ್ಲೇ ಇವೆಯಲ್ಲ: ನೈಟ್ರೊಫ್ಯೂರಾಂಟೊಯಿನ್ ಮತ್ತು ಫಾಸ್ಫೊಮೈಸಿನ್.

ನಿಮ್ಮ ತಂಗಿಯ ವಿಷಯ ಬೇರೆ. ಎರಡನೇ ತಿಂಗಳು ಅಂದರೆ ಮಗುವಿನ ಅಂಗಗಳು ಮೂಡುವ ಹೊತ್ತು. ಆಗ ಬಹಳ ವರ್ಷಗಳಿಂದ ಬಸುರಿಯರಿಗೆ ಕೊಟ್ಟು ನೋಡಿರುವ ಪೆನಿಸಿಲಿನ್ ಮತ್ತು ಸೆಫಲೊಸ್ಪೊರಿನ್ ಜಾತಿಯ ಔಷಧಿಗಳೇ ಮೊದಲ ಆಯ್ಕೆ. ಅಮಾಕ್ಸಿಸಿಲಿನ್, ಸೆಫಾಲೆಕ್ಸಿನ್, ಸೆಫಿಕ್ಸಿಮ್ ಎಲ್ಲ ಈ ಜಾತಿಯವು, ಒಂಬತ್ತು ತಿಂಗಳೂ ಕೊಡಬಹುದು. ಹಿಂದೆ ಪೆನಿಸಿಲಿನ್ ಅಲರ್ಜಿ ಆಗಿದ್ದವರು ಮಾತ್ರ ಮೊದಲೇ ಹೇಳಬೇಕು. ನೈಟ್ರೊಫ್ಯೂರಾಂಟೊಯಿನ್ ಬಗ್ಗೆ ಮೊದಲ ಮೂರು ತಿಂಗಳ ಅಧ್ಯಯನಗಳು ಒಂದೇ ಮಾತು ಹೇಳಲ್ಲ. ಬೇರೆ ಯಾವುದೂ ಕೆಲಸ ಮಾಡದಿದ್ದರೆ ಮಾತ್ರ ಆಗ ಅದನ್ನು ಕೊಡುತ್ತೇವೆ. ನೀವು ಆ ಹಂತ ದಾಟಿದ್ದೀರಿ.

ಆದರೆ ಇದೇ ಮಾತ್ರೆ ನಿಮಗೆ ಒಂಬತ್ತನೇ ತಿಂಗಳ ಕೊನೆಗೆ ಆಗಲ್ಲ. ಹುಟ್ಟುವ ಹೊತ್ತಿನಲ್ಲಿ ಮಗುವಿನ ಕೆಂಪು ರಕ್ತಕಣ ಒಡೆಯುವ ಸಾಧ್ಯತೆ ಇರೋದರಿಂದ, ಹೆರಿಗೆಗೆ ಕೆಲವೇ ವಾರ ಇದೆ ಅನ್ನುವಾಗ ಕೊಡಲ್ಲ. ಮತ್ತೆ ಉರಿ ಬಂತು ಅಂತ ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತರಿಸಬೇಡಿ. ಕೆಂಪು ರಕ್ತಕಣ ಸುಲಭವಾಗಿ ಒಡೆಯುವ ಜಿ6ಪಿಡಿ ಕೊರತೆ ಇದೆ ಅಂತ ನಿಮಗೆ ಯಾವಾಗಾದರೂ ಹೇಳಿದ್ದರೆ ಈಗಲೇ ಡಾಕ್ಟರಿಗೆ ತಿಳಿಸಿ, ಅಂಥವರಿಗೆ ಇದು ಯಾವ ತಿಂಗಳಲ್ಲೂ ಬೇಡ.

ಸಾಮಾನ್ಯವಾಗಿ ನಿಧಾನವಾಗಿ ಕರಗುವ 100 ಮಿಲಿಗ್ರಾಂನದು ಬೆಳಿಗ್ಗೆ ಒಂದು, ರಾತ್ರಿ ಒಂದು, 5ರಿಂದ 7 ದಿನ. ಊಟದ ಜೊತೆಗೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಗೆ ಹಾಕಿದರೆ ವಾಕರಿಕೆ ಬರುತ್ತೆ, ಔಷಧಿಯೂ ಮೈಗೆ ಸರಿಯಾಗಿ ಸೇರಲ್ಲ. ಮೂತ್ರ ಕಡು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಬಹುದು, ಅದು ಔಷಧಿಯ ಬಣ್ಣ. ಉರಿ ತಡೆಯಲಿಕ್ಕೆ ನೀರಿಗೆ ಬೆರೆಸಿ ಕುಡಿಯುವ ಆಲ್ಕಲೈಸರ್ ಸಿರಪ್ಪನ್ನು ಇದರ ಜೊತೆ ನೀವಾಗೇ ಶುರು ಮಾಡಬೇಡಿ. ಆ ಸಿರಪ್ ಮೂತ್ರದ ಹುಳಿ ಕಡಿಮೆ ಮಾಡುತ್ತೆ, ಈ ಮಾತ್ರೆಗೆ ಹುಳಿ ಇದ್ದರೇ ಬಲ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಡಾಕ್ಟರ್ ಫಾಸ್ಫೊಮೈಸಿನ್‌ಗೆ ಬದಲಿಸಬಹುದು. ಅದು 3 ಗ್ರಾಂ ಪುಡಿ, ನೀರಿನಲ್ಲಿ ಕಲಸಿ ಒಂದೇ ಸಲ ಕುಡಿಯೋದು.

ಅತ್ತೆಯವರ ಬಾರ್ಲಿ ನೀರು ಧಾರಾಳವಾಗಿ ಕುಡಿಯಿರಿ. ಉರಿ ಸ್ವಲ್ಪ ತಗ್ಗುತ್ತೆ, ಆದರೆ ಇ. ಕೋಲಿ ಹೋಗಲ್ಲ. ಬಸುರಿನಲ್ಲಿ ಮೂತ್ರನಾಳಗಳು ಸಡಿಲವಾಗಿರುತ್ತವೆ, ಗರ್ಭಕೋಶ ಮೇಲಿಂದ ಒತ್ತುತ್ತೆ. ಮೂತ್ರ ಅಲ್ಲಲ್ಲೇ ನಿಲ್ಲುತ್ತೆ, ಸೋಂಕು ಕಿಡ್ನಿಗೆ ಹತ್ತೋದು ಸುಲಭ.

ನಿಮ್ಮ ಎರಡು ಔಷಧಿಗಳ ಮಿತಿಯೂ ಅಲ್ಲೇ ಇದೆ. ಎರಡೂ ಮೂತ್ರಚೀಲದ ಸೋಂಕಿಗೆ ಮಾತ್ರ. ಕಿಡ್ನಿಯಲ್ಲಿ ಬೇಕಾದಷ್ಟು ಸೇರಲ್ಲ. ಚಳಿ ಜ್ವರ, ಪಕ್ಕೆಯಿಂದ ಸೊಂಟದವರೆಗೆ ಒಂದು ಕಡೆ ನೋವು, ವಾಂತಿ, ಇವುಗಳಲ್ಲಿ ಯಾವುದೇ ಬಂದರೂ, ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾಗತೊಡಗಿದರೂ, 5 ದಿನ ಮುಗಿಯಲಿ ಅಂತ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಕಿಡ್ನಿ ಸೋಂಕಿಗೆ ಸಾಮಾನ್ಯವಾಗಿ ಮೊದಲು ಹಾಕೋದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಅದು ಸೆಫಿಕ್ಸಿಮ್‌ನ ಜಾತಿಯದೇ. ನಿಮಗೆ ಸೆಫಿಕ್ಸಿಮ್ ‘ಆರ್’ ಬಂದಿದೆ, ಹಾಗಾಗಿ ಆ ಇಂಜೆಕ್ಷನ್ನೂ ನಾಟದೇ ಹೋಗಬಹುದು. ಈ ರಿಪೋರ್ಟ್ ಅಲ್ಲಿನ ಡಾಕ್ಟರ ಕಣ್ಣಿಗೆ ಬಿದ್ದರೆ ಅವರು ಬೇರೆ ಇಂಜೆಕ್ಷನ್ ಆರಿಸುತ್ತಾರೆ, ಒಂದೆರಡು ದಿನ ವ್ಯರ್ಥವಾಗೋದು ತಪ್ಪುತ್ತೆ. ಅದನ್ನು ತಾಯಿ ಕಾರ್ಡ್ ಒಳಗೇ ಇಟ್ಟಿರಿ.

ಎರಡು ಮೂರು ದಿನಕ್ಕೆ ಉರಿ ಇಳಿಯಬೇಕು. ಇಳಿಯಿತು ಅಂತ ಮಾತ್ರೆ ನಿಲ್ಲಿಸಬೇಡಿ. ಮುಗಿದ ಮೇಲೆ ಒಂದೆರಡು ವಾರ ಬಿಟ್ಟು ಇನ್ನೊಂದು ಕಲ್ಚರ್ ಮಾಡಿಸಿ. ಬಸುರಿಯರಲ್ಲಿ ಉರಿ ಇಲ್ಲದೆಯೂ ಬ್ಯಾಕ್ಟೀರಿಯಾ ಉಳಿದುಬಿಡುತ್ತೆ. ಬರೀ ಯೂರಿನ್ ಟೆಸ್ಟ್ ಸಾಲದು, ಕಲ್ಚರ್ ಅಂತಲೇ ಕೇಳಿ. ಮೊದಲು ತೊಳೆದುಕೊಂಡು, ಶುರುವಿನ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಊರಿಂದ ಡಬ್ಬಿ ಹಿಡಿದು ಬಸ್ಸಿನಲ್ಲಿ ಬರೋದು ಬೇಡ, ಲ್ಯಾಬ್‌ನಲ್ಲೇ ಕೊಡಿ. ಎರಡು ಗಂಟೆ ಬಿಸಿಲಲ್ಲಿ ಕೂತ ಮೂತ್ರದಲ್ಲಿ ಇಲ್ಲದ ಸೋಂಕೂ ಬೆಳೆದು ಕಾಣಿಸುತ್ತೆ.