ತಲೆಬರಹಕ್ಕೆ ಯಾರಾದರೂ ‘ಅಲ್ಲ’ ಎನ್ನುವಂತಿರಬೇಕು

ಪ್ರಶ್ನೆ: ‘ಗ್ರಾಹಕರ ದೂರುಗಳು: ಜನವರಿ–ಜೂನ್’ ಅಂತ ಒಂದು ಸ್ಲೈಡ್ ಇತ್ತು. ಕೆಳಗೆ ತಿಂಗಳವಾರು ಒಟ್ಟು ದೂರುಗಳ ಕಂಬಚಿತ್ರ. ತಲೆಬರಹ ಪೂರ್ತಿ ವಾಕ್ಯವಾಗಿರಬೇಕು ಅಂತ ಓದಿ ‘ದೂರುಗಳು ಹೆಚ್ಚಾಗಿವೆ’ ಅಂತ ಬದಲಿಸಿದೆ. ಆದರೂ ಮೀಟಿಂಗಿನಲ್ಲಿ ‘ಸರಿ, ಅದಕ್ಕೇನೀಗ?’ ಅಂದರು. ಎಲ್ಲಿ ತಪ್ಪಿದೆ? ಅಂಕಿಗಳನ್ನು ಜೊತೆಗೆ ಕಳಿಸಿದ್ದೇನೆ.

ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ.

ನೀವು ವಾಕ್ಯ ಬರೆದಿದ್ದೀರಿ, ನಿಜ. ಆದರೆ ಕಂಬಗಳನ್ನು ನೋಡಿದ ಯಾರಿಗಾದರೂ ಅರೆಕ್ಷಣದಲ್ಲಿ ತಿಳಿಯುವುದನ್ನೇ ಮೇಲೆ ಇನ್ನೊಮ್ಮೆ ಬರೆದಿದ್ದೀರಿ. ಲೇಬಲ್ ಹೋಗಿ ವಾಕ್ಯ ಬಂತು, ಮಾತು ಮಾತ್ರ ಬರಲಿಲ್ಲ. ತಲೆಬರಹದ ವಾಕ್ಯ ಅಂದರೆ ನೀವು ಹೇಳಲು ಬಂದ ತೀರ್ಮಾನ. ಅದು ಇನ್ನೂ ನಿಮ್ಮ ತಲೆಯಲ್ಲೇ ಆಗಿಲ್ಲ, ಅದಕ್ಕೇ ಸ್ಲೈಡಿಗೂ ಬಂದಿಲ್ಲ.

ನಿಮ್ಮ ಅಂಕಿಗಳನ್ನೇ ನೋಡೋಣ. ಜನವರಿಯಿಂದ ಏಪ್ರಿಲ್‌ವರೆಗೆ ದೂರುಗಳು 410ರಿಂದ 440ರೊಳಗೇ ಇವೆ. ಮೇ ತಿಂಗಳಲ್ಲಿ 610, ಜೂನ್‌ನಲ್ಲಿ 640. ಅಂದರೆ ‘ಹೆಚ್ಚಾಗಿವೆ’ ಅನ್ನುವುದೂ ಅಷ್ಟು ಸರಿಯಲ್ಲ. ನಾಲ್ಕು ತಿಂಗಳು ಸುಮ್ನೆ ಇದ್ದದ್ದು ಮೇನಲ್ಲಿ ಒಮ್ಮೆಲೇ ಮೇಲೆ ಜಿಗಿದಿದೆ. ಮೆಲ್ಲಗೆ ಏರುವುದಕ್ಕೂ ಒಮ್ಮೆಲೇ ಜಿಗಿಯುವುದಕ್ಕೂ ಕಾರಣಗಳು ಬೇರೆ ಇರುತ್ತವೆ, ಅಲ್ವಾ? ಹಾಗಾದರೆ ಮೊದಲ ತಿದ್ದುಪಡಿ: ‘ಮೇ ತಿಂಗಳಲ್ಲಿ ದೂರುಗಳು ಒಮ್ಮೆಲೇ ಜಿಗಿದಿವೆ’.

ಇದು ವಾಸಿ. ಆದರೂ ‘ಯಾಕೆ?’ ಅನ್ನುತ್ತಾರೆ. ಇಲ್ಲಿ ಕೈ ತಡೆಯದೆ ಬಹಳ ಜನ ಬರೆಯುವ ಸಾಲು ಒಂದಿದೆ: ‘ಆ್ಯಪ್‌ನ ಹೊಸ ಆವೃತ್ತಿಯಿಂದ ದೂರುಗಳು ಹೆಚ್ಚಿವೆ’. ನಿಮ್ಮ ಪತ್ರದ ಕೊನೆಯಲ್ಲಿ ನೀವೂ ಇದನ್ನೇ ಬರೆದು ‘ಹೀಗೆ ಹಾಕಲೇ?’ ಅಂತ ಕೇಳಿದ್ದೀರಿ. ಬೇಡ. ಆವೃತ್ತಿ ಏಪ್ರಿಲ್ ಕೊನೆಗೆ ಬಂತು, ದೂರು ಮೇನಲ್ಲಿ ಜಿಗಿಯಿತು. ನಿಮ್ಮ ಹತ್ತಿರ ಇರುವುದು ಇಷ್ಟೇ. ಕಂಬಗಳು ಸಮಯವನ್ನು ತೋರಿಸುತ್ತವೆ, ಕಾರಣವನ್ನಲ್ಲ. ಸಭೆಯಲ್ಲಿ ಒಬ್ಬರು ‘ಅದೇ ತಿಂಗಳು ಬಳಕೆದಾರರೂ ಜಾಸ್ತಿ ಆದರಲ್ಲ?’ ಅಂದರೆ ಮುಗಿಯಿತು. ಮುಂದಿನ ಹತ್ತು ನಿಮಿಷ ನಿಮ್ಮ ಸ್ಲೈಡ್ ಬಿಟ್ಟು ಉಳಿದೆಲ್ಲದರ ಚರ್ಚೆ ನಡೆಯುತ್ತದೆ. ಲೇಬಲ್ ಹಾಕಿದವರನ್ನು ಜನ ಮರೆಯುತ್ತಾರೆ. ಕೆಳಗಿನ ಚಿತ್ರ ಹೊರಲಾರದ ಮಾತನ್ನು ಮೇಲೆ ಬರೆದವರನ್ನು ನೆನಪಿಟ್ಟುಕೊಳ್ಳುತ್ತಾರೆ.

ಈಗ ದೂರುಗಳನ್ನು ಬಗೆಯಂತೆ ಬಿಡಿಸಿ. ನಿಮ್ಮ ಹಾಳೆಯಲ್ಲಿ ಆ ಅಂಕಣ ಇದೆ, ನೀವೇ ಬಳಸಿಲ್ಲ. ಏಪ್ರಿಲ್‌ನ 440ರಲ್ಲಿ ಲಾಗಿನ್ ದೂರುಗಳು 60, ಉಳಿದವು 380. ಜೂನ್‌ನ 640ರಲ್ಲಿ ಲಾಗಿನ್ 250, ಉಳಿದವು 390. ಒಟ್ಟು ಹೆಚ್ಚಿದ್ದು 200. ಅದರಲ್ಲಿ 190 ಲಾಗಿನ್‌ದೇ. ಬಳಕೆದಾರರು ಹೆಚ್ಚಾದದ್ದೇ ಕಾರಣವಾಗಿದ್ದರೆ ಎಲ್ಲ ಬಗೆಯ ದೂರುಗಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಏರಬೇಕಿತ್ತು. ಏರಿಲ್ಲ. ತಲೆಬರಹ ಈಗ ತಾನಾಗಿಯೇ ಬರುತ್ತದೆ:

‘ಏಪ್ರಿಲ್‌ಗಿಂತ ಜೂನ್‌ನಲ್ಲಿ ಹೆಚ್ಚಾದ 200 ದೂರುಗಳಲ್ಲಿ 190 ಲಾಗಿನ್‌ದೇ’.

ಇದನ್ನು ಬರೆದ ತಕ್ಷಣ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೆಳಗಿರುವ ಚಿತ್ರ ಈ ಮಾತಿಗೆ ಸಾಕ್ಷಿಯೇ ಅಲ್ಲ. ಒಟ್ಟು ಕಂಬಗಳಲ್ಲಿ ಲಾಗಿನ್ ಎಲ್ಲಿದೆ? ತಲೆಬರಹ ಬದಲಿಸಿ ಚಿತ್ರವನ್ನು ಹಾಗೇ ಬಿಡುವವರೇ ಜಾಸ್ತಿ, ಸಿಟ್ಟು ಬರುವುದೂ ಅಲ್ಲೇ. ಕಂಬಗಳನ್ನು ತೆಗೆಯಿರಿ. ಎರಡು ಗೆರೆ ಎಳೆಯಿರಿ: ಲಾಗಿನ್ ದೂರುಗಳದ್ದು ಗಾಢ ಬಣ್ಣದಲ್ಲಿ, ಉಳಿದವುಗಳದ್ದು ಬೂದು ಬಣ್ಣದಲ್ಲಿ. ಒಂದು ಗೆರೆ ಮಲಗಿರುತ್ತದೆ, ಇನ್ನೊಂದು ಮೇನಿಂದ ಏಳುತ್ತದೆ. ಗೆರೆಯ ತುದಿಯಲ್ಲೇ ಹೆಸರು ಬರೆಯಿರಿ. ಮೂಲೆಯಲ್ಲಿ ಬಣ್ಣದ ಚೌಕಗಳ ಪಟ್ಟಿ ಬೇಕಿಲ್ಲ. 60 ಮತ್ತು 250 ಇವೆರಡನ್ನು ಮಾತ್ರ ಗೆರೆಯ ಮೇಲೆ ಹಾಕಿ. ಮಿಕ್ಕ ಅಂಕಿಗಳನ್ನು ಯಾರಾದರೂ ಕೇಳಿದರೆ ಹೇಳಿದರಾಯಿತು.

ಹೊಸ ಆವೃತ್ತಿಯ ಮೇಲಿನ ನಿಮ್ಮ ಅನುಮಾನವನ್ನು ಬಿಡಬೇಕಿಲ್ಲ. ಅದು ಮುಂದಿನ ಸ್ಲೈಡ್. ಹಳೆಯ ಆವೃತ್ತಿಯಲ್ಲೇ ಉಳಿದವರ ಲಾಗಿನ್ ದೂರುಗಳನ್ನೂ ಹೊಸದಕ್ಕೆ ಹೋದವರದ್ದನ್ನೂ ಬೇರೆ ಬೇರೆ ಎಣಿಸಿ, ತಲಾ ಸಾವಿರ ಬಳಕೆದಾರರಿಗೆ ಎಷ್ಟು ಅಂತ ಲೆಕ್ಕ ಹಾಕಿ. ಹಳೆಯದರಲ್ಲಿ ಏರಿಕೆ ಇಲ್ಲದೆ ಹೊಸದರಲ್ಲಿ ಮಾತ್ರ ಇದ್ದರೆ ಅದನ್ನೇ ತಲೆಬರಹ ಮಾಡಿ. ಆ ಲೆಕ್ಕ ಸಿಗದಿದ್ದರೆ ‘ಹೊಸ ಆವೃತ್ತಿಯೇ ಕಾರಣ ಎನ್ನಲು ಆವೃತ್ತಿವಾರು ಲೆಕ್ಕ ಇನ್ನೂ ಬೇಕು’ ಅಂತ ಬರೆಯಿರಿ. ಇದೂ ಪೂರ್ತಿ ಮಾತೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆದ ತಲೆಬರಹಕ್ಕೆ ನಾನು ಯಾವತ್ತೂ ಅಂಕ ಕಳೆಯುವುದಿಲ್ಲ.

ಮಾತು ಹೌದೋ ಅಲ್ಲವೋ ಅಂತ ತಿಳಿಯಲು ‘ಕ್ರಿಯಾಪದ ಇದೆಯಾ ನೋಡಿ’ ಅಂತ ಹೇಳಿಕೊಡುವವರಿದ್ದಾರೆ. ಆ ಪರೀಕ್ಷೆ ಕನ್ನಡದಲ್ಲಿ ನಡೆಯುವುದಿಲ್ಲ. ‘200 ದೂರುಗಳಲ್ಲಿ 190’ ಅನ್ನುವ ತಲೆಬರಹದಲ್ಲಿ ವಾಕ್ಯ ಮುಗಿಸುವ ಕ್ರಿಯಾಪದ ಎಲ್ಲಿದೆ? ಇಲ್ಲದೆಯೂ ಅದು ಪೂರ್ತಿ ಮಾತು. ಬದಲಿಗೆ ಎದುರಿಗಿದ್ದವರು ಅದಕ್ಕೆ ‘ಅಲ್ಲ, ಹಾಗಿಲ್ಲ’ ಅನ್ನಬಹುದಾ ಅಂತ ನೋಡಿ. ‘ಗ್ರಾಹಕರ ದೂರುಗಳು’ ಅನ್ನುವುದಕ್ಕೆ ಅಲ್ಲ ಅನ್ನಲು ಏನಿದೆ? ‘ದೂರುಗಳ ವಿಶ್ಲೇಷಣೆ’, ‘ಮುಖ್ಯ ಅಂಶಗಳು’, ‘ಒಂದು ನೋಟ’ ಇವೂ ಅದೇ ಜಾತಿ. ‘200ರಲ್ಲಿ 190’ ಅಂದರೆ ಯಾರು ಬೇಕಾದರೂ ಲೆಕ್ಕ ತೆಗೆದು ಅಲ್ಲ ಅನ್ನಬಹುದು.

ಪ್ರಶ್ನೆ: ತಲೆಬರಹ ಆರು ಪದ ದಾಟಬಾರದು ಅಂತ ತರಬೇತಿಯಲ್ಲಿ ಕಲಿಸಿದರು. ನಿಮ್ಮ ವಾಕ್ಯಗಳು ಅಷ್ಟರಲ್ಲಿ ಹಿಡಿಸುವುದೇ ಇಲ್ಲವಲ್ಲ?

ಆ ತರಬೇತಿಯ ಪ್ರಮಾಣಪತ್ರ ಇಟ್ಟುಕೊಳ್ಳಿ, ನಿಯಮ ಬಿಡಿ. ಪದ ಎಣಿಸಬೇಡಿ, ಸಾಲು ಎಣಿಸಿ: ಎರಡು ಸಾಲು, ಅಷ್ಟೇ. ಪವರ್‌ಪಾಯಿಂಟ್ ತಾನಾಗಿ ಕೊಡುವ 44 ಪಾಯಿಂಟ್ ಅಕ್ಷರ ಎರಡು ಪದದ ಲೇಬಲ್‌ಗೆ ಸರಿ. ವಾಕ್ಯಕ್ಕೆ 28ರ ಸುತ್ತ ಇಳಿಸಿ, ಎಡಕ್ಕೆ ಜೋಡಿಸಿ. ಕನ್ನಡದಲ್ಲಿ ಸಾಲುಗಳ ನಡುವೆ ಜಾಗ ಸ್ವಲ್ಪ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತದೆ. ಮೂರನೇ ಸಾಲು ಬಂದರೆ ‘ಮತ್ತು’ ಎಲ್ಲಿದೆ ನೋಡಿ. ಸಾಮಾನ್ಯವಾಗಿ ಅಲ್ಲೇ ಸ್ಲೈಡ್ ಎರಡಾಗಬೇಕು.

ಪ್ರಶ್ನೆ: ತೀರ್ಮಾನವನ್ನು ಮೇಲೇ ಬರೆದರೆ ಕೇಳುಗರ ಕುತೂಹಲ ಹೋಗುವುದಿಲ್ಲವೇ?

ನೀವು ಪತ್ತೇದಾರಿ ಕಥೆ ಹೇಳುತ್ತಿಲ್ಲ.

ಪ್ರಶ್ನೆ: ಮೊದಲ ಸ್ಲೈಡ್, ವಿಷಯಸೂಚಿ, ಧನ್ಯವಾದ ಸ್ಲೈಡ್‌ಗಳಿಗೂ ವಾಕ್ಯ ಬೇಕೇ?

ಮೊದಲೆರಡಕ್ಕೆ ಬೇಡ. ಮೂರನೆಯದೇ ಬೇಡ.

ಪ್ರಶ್ನೆ: ನಲವತ್ತು ಸ್ಲೈಡ್ ಇವೆ. ಎಲ್ಲ ತಲೆಬರಹ ಸರಿ ಇವೆಯಾ ಅಂತ ಬೇಗ ನೋಡುವುದು ಹೇಗೆ?

ಪವರ್‌ಪಾಯಿಂಟ್‌ನಲ್ಲಿ View ಒಳಗೆ Outline View ತೆರೆಯಿರಿ. ಪಟ್ಟಿಯ ಮೇಲೆ ಬಲಗುಂಡಿ ಒತ್ತಿ Collapse, ಆಮೇಲೆ Collapse All ಆರಿಸಿದರೆ ತಲೆಬರಹಗಳು ಮಾತ್ರ ಉಳಿಯುತ್ತವೆ. ಅವನ್ನು ಮೇಲಿನಿಂದ ಕೆಳಗೆ ಜೋರಾಗಿ ಓದಿ. ಒಂದರಿಂದ ಇನ್ನೊಂದಕ್ಕೆ ‘ಹಾಗಾದರೆ’, ‘ಆದರೆ’, ‘ಯಾಕೆಂದರೆ’ ಸೇರಿಸಲು ಬಂದರೆ ವಾದ ಕೂತಿದೆ. ಬರೀ ‘ಆಮೇಲೆ, ಆಮೇಲೆ’ ಅಂತ ಬಂದರೆ ಅದು ಇನ್ನೂ ಪಟ್ಟಿಯೇ. ಯಾವುದಾದರೂ ಸ್ಲೈಡಿನ ಮುಂದೆ ಜಾಗ ಖಾಲಿ ಕಂಡರೆ ತಲೆಬರಹವನ್ನು ಅದರ ಚೌಕದಲ್ಲಿ ಬರೆಯದೆ ಬೇರೆ ಟೆಕ್ಸ್ಟ್ ಬಾಕ್ಸ್ ಎಳೆದು ಬರೆದಿರಬಹುದು. ಅದನ್ನು ಕತ್ತರಿಸಿ ಸರಿಯಾದ ಚೌಕಕ್ಕೆ ಅಂಟಿಸಿ. ನಲವತ್ತು ಯಾಕೆ ಬೇಕು ಅನ್ನುವುದನ್ನು ಆಮೇಲೆ ಮಾತಾಡೋಣ.