ನೆಲ್ಲಿಕಾಯಿ ಒಣಗಿಸಿದರೆ, ಉಪ್ಪಿನಲ್ಲಿ ಹಾಕಿದರೆ ವಿಟಮಿನ್ ಸಿ ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಮ್ಮಲ್ಲಿ ಪ್ರತಿ ವರ್ಷ ಕಾರ್ತಿಕ ಕಳೆಯುತ್ತಿದ್ದಂತೆ ಐದು ಕಿಲೋ ಬೆಟ್ಟದ ನೆಲ್ಲಿಕಾಯಿ ತಂದು ಸ್ವಲ್ಪ ಒಣಗಿಸಿ ನೆಲ್ಲಿಚಟ್ಟು ಮಾಡುತ್ತೇವೆ, ಉಳಿದದ್ದನ್ನು ಉಪ್ಪುನೀರಿಗೆ ಹಾಕುತ್ತೇವೆ. ಒಣಗಿಸಿದರೆ ಎಲ್ಲ ಹೋಗುತ್ತದೆ ಎಂದು ಮನೆಯವರು, ಒಣಗಿಸಿದ್ದರಲ್ಲೇ ವಿಟಮಿನ್ ಹೆಚ್ಚು ಎಂದು ಮಗ. ಯಾರ ಮಾತು ಸರಿ? ಕಾಯಿ ಆರಿಸುವಾಗ ಏನು ನೋಡಬೇಕು?
— ಗೃಹಿಣಿ, ಶಿರಸಿ

ಉತ್ತರ: ಇಬ್ಬರೂ ಅರ್ಧರ್ಧ ಸರಿ. ನಿಮ್ಮ ಮಗ ಪ್ಯಾಕೆಟ್ಟಿನ ಮೇಲಿನ ‘ನೂರು ಗ್ರಾಂಗೆ ಇಷ್ಟು’ ಎಂಬ ಅಂಕಿಯನ್ನು ನೋಡಿ ಹಾಗೆ ಹೇಳಿರಬೇಕು. ಒಣಗಿದಾಗ ನೀರು ಹೋಗಿ ತೂಕ ಆರೇಳು ಪಟ್ಟು ಇಳಿಯುವುದರಿಂದ, ಅರ್ಧಕ್ಕರ್ಧ ವಿಟಮಿನ್ ನಾಶವಾಗಿದ್ದರೂ ನೂರು ಗ್ರಾಂ ಒಣ ಹೋಳಿನ ಅಂಕಿ ನೂರು ಗ್ರಾಂ ಹಸಿ ಕಾಯಿಯ ಅಂಕಿಗಿಂತ ದೊಡ್ಡದಾಗಿಯೇ ಕಾಣುತ್ತದೆ. ಆದ್ದರಿಂದ ಲೆಕ್ಕವನ್ನು ಗ್ರಾಂನಿಂದ ಹಾಕದೆ ಕಾಯಿಯಿಂದ ಹಾಕಬೇಕು: ಒಂದು ಕಿಲೋ ಕಾಯಿಯಲ್ಲಿ ಮೊದಲು ಎಷ್ಟಿತ್ತು, ಆ ಒಂದು ಕಿಲೋದಿಂದ ಸಿಕ್ಕ ಪದಾರ್ಥದಲ್ಲಿ ಕೊನೆಗೆ ಎಷ್ಟು ಉಳಿಯಿತು ಎಂದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ ನೂರು ಗ್ರಾಂ ನೆಲ್ಲಿಗೆ 600 ಮಿಲಿಗ್ರಾಂ ಎಂದಿತ್ತು. ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಅದು 252 ಮಿಲಿಗ್ರಾಂಗೆ ಇಳಿದಿದೆ. ಕಾಯಿ ಕೆಟ್ಟು ಹೋಯಿತೆಂದು ಅರ್ಥವಲ್ಲ. ತಳಿ, ನೆಲ, ಬಲಿತ ಹಂತ ಇವುಗಳಿಂದ ವ್ಯತ್ಯಾಸ ಬರುವುದು ಸಹಜ. ಅದರ ಜೊತೆಗೆ, ಬಣ್ಣದ ದ್ರಾವಣ ಬಿಟ್ಟು ಅಳೆಯುವ ಹಳೆಯ ವಿಧಾನದಲ್ಲಿ ನೆಲ್ಲಿಯ ಒಗರು ಪದಾರ್ಥಗಳಾದ ಟ್ಯಾನಿನ್‌ಗಳೂ ಆ ಬಣ್ಣವನ್ನು ಅಳಿಸಿ ವಿಟಮಿನ್ ಸಿ ಲೆಕ್ಕದೊಳಗೆ ಸೇರಿಬಿಡಬಲ್ಲವು. ನೆಲ್ಲಿಯ ವಿಟಮಿನ್ ಎಷ್ಟು ಕುದಿಸಿದರೂ ಹೋಗುವುದಿಲ್ಲ ಎಂಬ ನಂಬಿಕೆಯ ಹಿಂದೆಯೂ ಇದರ ಪಾಲು ಇದೆ ಎಂದು ನನ್ನ ಅಭಿಪ್ರಾಯ, ಏಕೆಂದರೆ ಟ್ಯಾನಿನ್ ಕುದಿತವನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ನಂಬಿಕೆಗೆ ಆಧಾರವೇ ಇಲ್ಲವೆಂದಲ್ಲ. ನೆಲ್ಲಿಯ ಟ್ಯಾನಿನ್ ವಿಟಮಿನ್ ಸಿಯನ್ನು ಕಾಪಾಡುತ್ತದೆ ಎಂದು ಮದ್ರಾಸಿನ ದಾಮೋದರನ್ ಮತ್ತು ನಾಯರ್ 1936ರಲ್ಲೇ ತೋರಿಸಿದ್ದರು; ಕಾಯಿಯ ಹುಳಿಯೂ ಅದಕ್ಕೆ ನೆರವಾಗುತ್ತದೆ. ಆದರೆ ಕಾಪಾಡುವುದೆಂದರೆ ನಾಶವನ್ನು ನಿಧಾನಗೊಳಿಸುವುದು, ತಡೆಯುವುದಲ್ಲ.

ನಾನು ಇಲ್ಲಿ 252ನ್ನೇ ಹಿಡಿಯುತ್ತೇನೆ. ಬೀಜ ತೆಗೆದರೆ ಒಂದು ಕಿಲೋ ಕಾಯಿಯಲ್ಲಿ ಸುಮಾರು 900 ಗ್ರಾಂ ತಿರುಳು ಸಿಗುತ್ತದೆ; ಅದರಲ್ಲಿ ಹತ್ತಿರ ಹತ್ತಿರ 2250 ಮಿಲಿಗ್ರಾಂ ವಿಟಮಿನ್ ಸಿ. ವಯಸ್ಕ ಹೆಂಗಸಿಗೆ ದಿನಕ್ಕೆ 65, ಗಂಡಸಿಗೆ 80 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಅಂದರೆ ಮೂವತ್ತು ಗ್ರಾಂ ತೂಗುವ ಒಂದು ದೊಡ್ಡ ಕಾಯಿ, ಇಲ್ಲವೇ ನಿಮ್ಮ ಕಡೆಯ ಮೂರು ನಾಲ್ಕು ಸಣ್ಣ ಕಾಯಿ ಹಸಿಯಾಗಿ ತಿಂದರೆ ಹೆಂಗಸಿನ ಒಂದು ದಿನದ ಅಗತ್ಯ ಮುಗಿಯಿತು; ಗಂಡಸಿಗೆ ಸ್ವಲ್ಪ ಹೆಚ್ಚು ಬೇಕು.

ಈಗ ನೆಲ್ಲಿಚಟ್ಟು. ಆ 900 ಗ್ರಾಂ ತಿರುಳು ಒಣಗಿ ಸುಮಾರು 140 ಗ್ರಾಂ ಆಗುತ್ತದೆ. ಎಚ್ಚರದಿಂದ ನೆರಳಿನಲ್ಲಿ, ಗಾಳಿಯಾಡುವ ಕಡೆ ಬೇಗನೆ ಒಣಗಿಸಿ ಅರ್ಧ ಉಳಿಸಿಕೊಂಡಿರಿ ಎಂದುಕೊಳ್ಳೋಣ: 140 ಗ್ರಾಂನಲ್ಲಿ 1125 ಮಿಲಿಗ್ರಾಂ, ಅಂದರೆ ಗ್ರಾಂಗೆ ಎಂಟು. ತಂಬುಳಿಗೆ ಐದು ಗ್ರಾಂ ಚಟ್ಟು ನೆನೆಹಾಕಿ ಅರೆದರೆ 40 ಮಿಲಿಗ್ರಾಂ ಸಿಕ್ಕಂತಾಯಿತು. ಆ ತಂಬುಳಿಯನ್ನು ನಾಲ್ವರು ಉಂಡರೆ ತಲೆಗೆ ಹತ್ತು. ಚಟ್ಟನ್ನು ನೆನೆಸಿದ ನೀರನ್ನು ಚೆಲ್ಲಿದರೆ ಅದೂ ಇಲ್ಲ, ಆ ನೀರಿನಲ್ಲೇ ಅರೆಯಬೇಕು. ಇನ್ನು ಅಂಗಳದಲ್ಲಿ ಬಿರುಬಿಸಿಲಿಗೆ ಆರೇಳು ದಿನ ಹರವಿ, ರಾತ್ರಿ ಇಬ್ಬನಿಗೆ ಮೆತ್ತಗಾದದ್ದನ್ನು ಮರುದಿನ ಮತ್ತೆ ಹರವಿದರೆ ಅರ್ಧ ಉಳಿಯಿತೆಂದು ಹೇಳುವ ಧೈರ್ಯ ನನಗಿಲ್ಲ. ಬೆಳಕು, ಗಾಳಿ, ಬಿಸಿ ಮೂರೂ ಒಟ್ಟಿಗೆ ಎಷ್ಟು ದಿನ ತಾಗುತ್ತವೆ ಎಂಬುದೇ ನಷ್ಟವನ್ನು ತೀರ್ಮಾನಿಸುತ್ತದೆ.

ಕಾಯಿಯನ್ನು ಒಣಗಿಸುವ ಮುಂಚೆ ಹಬೆಯಲ್ಲಿ ಐದು ನಿಮಿಷ ಇಡುವುದು ಒಳ್ಳೆಯದು. ಹಸಿ ಕಾಯಿಯನ್ನು ಹೆಚ್ಚಿದ ಕೂಡಲೇ ಅದರೊಳಗಿನ ಕಿಣ್ವಗಳು ಗಾಳಿಯ ಆಮ್ಲಜನಕದೊಡನೆ ಸೇರಿ ವಿಟಮಿನ್ ಸಿಯನ್ನು ಕೆಡಿಸಲು ತೊಡಗುತ್ತವೆ. ಹಬೆಯ ಬಿಸಿ ಆ ಕಿಣ್ವಗಳನ್ನು ಕೊಲ್ಲುತ್ತದೆ, ಎಸಳುಗಳೂ ಬೆರಳಿನಲ್ಲಿ ಒತ್ತಿದರೆ ಬಿಡಿಸಿಕೊಳ್ಳುತ್ತವೆ, ಚಾಕು ಬೇಕಾಗುವುದಿಲ್ಲ. ನೀರಿನಲ್ಲಿ ಮುಳುಗಿಸಿ ಕುದಿಸಬೇಡಿ, ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು. ಬೇಯಿಸಿದ ನೀರು ಹಳದಿ ತಿರುಗಿ ಹುಳಿಯಾಗಿದ್ದರೆ ಏನು ಹೋಯಿತೆಂದು ನಾಲಿಗೆಗೇ ಗೊತ್ತಾಗುತ್ತದೆ. ಬಿಡಿಸಿದ ಎಸಳನ್ನು ಒಂದರ ಮೇಲೊಂದು ಬೀಳದಂತೆ ಬಿಳಿ ಬಟ್ಟೆಯ ಮೇಲೆ ಹರವಿ, ಮೇಲೊಂದು ತೆಳು ಬಟ್ಟೆ ಹೊದಿಸಿ, ಸಂಜೆ ಒಳಗೆ ತನ್ನಿ. ಮೂರ್ನಾಲ್ಕು ದಿನದಲ್ಲಿ ಮುಗಿಯಬೇಕು. ಮುರಿದರೆ ಪಟ್ಟೆಂದು ಮುರಿಯಬೇಕು. ಬಾಗಿದರೆ ಒಳಗೆ ಇನ್ನೂ ತೇವವಿದೆ, ಡಬ್ಬಿಯಲ್ಲಿ ಬೂಸ್ಟು ಹಿಡಿಯುತ್ತದೆ. ಒಣಗಿಸುವ ಯಂತ್ರವಿದ್ದವರು 55ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟರೆ ಒಂದೇ ದಿನದ ಕೆಲಸ.

ಬಣ್ಣದ ವಿಷಯದಲ್ಲಿ ಒಂದು ಮಾತು. ಕಬ್ಬಿಣದ ಮೆಟ್ಟುಗತ್ತಿಯಲ್ಲಿ ಹೆಚ್ಚಿದ ಹೋಳು ಆಗಿಂದಾಗಲೇ ನೀಲಿಗಪ್ಪಾಗುವುದು ಕಬ್ಬಿಣ ಮತ್ತು ಟ್ಯಾನಿನ್ ಸೇರಿದ್ದರಿಂದ. ಆ ಕಪ್ಪೊಂದನ್ನೇ ನೋಡಿ ವಿಟಮಿನ್ ಹೋಯಿತೆನ್ನಲಾಗದು, ಆದರೂ ಕಬ್ಬಿಣ ಮತ್ತು ಅದಕ್ಕಿಂತ ಹೆಚ್ಚಾಗಿ ತಾಮ್ರ ನಾಶವನ್ನು ಚುರುಕುಗೊಳಿಸುವುದರಿಂದ ಸ್ಟೀಲ್ ಚಾಕು, ಸ್ಟೀಲ್ ಪಾತ್ರೆಯೇ ಲೇಸು. ಡಬ್ಬಿಯಲ್ಲಿಟ್ಟ ತಿಳಿಬಣ್ಣದ ಚಟ್ಟು ತಿಂಗಳು ಕಳೆದಂತೆ ಕಡುಗಂದು ತಿರುಗುವುದು ಬೇರೆಯೇ ಸಂಗತಿ. ಅದು ವಿಟಮಿನ್ ಸಿ ಒಡೆದು ಹೋಗುತ್ತಿರುವುದರ ಗುರುತೂ ಹೌದು.

ಉಪ್ಪುನೀರಿನ ನೆಲ್ಲಿಯಲ್ಲಿ ವಿಟಮಿನ್ ನಾಶವಾಗುವುದಕ್ಕಿಂತ ಮೊದಲು ಜಾಗ ಬದಲಿಸುತ್ತದೆ. ಒಂದು ಕಿಲೋ ಕಾಯಿಗೆ ಒಂದು ಲೀಟರ್ ನೀರು, 200 ಗ್ರಾಂ ಉಪ್ಪು ಹಾಕಿದಿರಿ ಎನ್ನೋಣ. ಕೆಲವು ವಾರಗಳಲ್ಲಿ ಉಪ್ಪು ಕಾಯಿಯೊಳಗೆ ಹೋಗುತ್ತದೆ, ಕಾಯಿಯ ಹುಳಿ, ಒಗರು, ವಿಟಮಿನ್ ಹೊರಗೆ ಬರುತ್ತವೆ. ಎರಡೂ ಕಡೆ ನೀರು ಹೆಚ್ಚುಕಡಿಮೆ ಸಮವಿರುವುದರಿಂದ ಕೊನೆಗೆ ಉಳಿದ ವಿಟಮಿನ್ನಿನ ಸುಮಾರು ಅರ್ಧ ಭರಣಿಯ ನೀರಿನಲ್ಲಿರುತ್ತದೆ. ಕಾಯಿ ತಿಂದು ನೀರು ಚೆಲ್ಲುವ ಮನೆಯಲ್ಲಿ ಆ ಅರ್ಧ ಮೋರಿಗೆ ಹೋಯಿತು. ಆ ನೀರನ್ನೇ ಮಜ್ಜಿಗೆಗೋ ತಂಬುಳಿಗೋ ಉಪ್ಪಿನ ಬದಲಿಗೆ ಬಳಸಿ. ಆದರೆ ಒಂದು ಟೀ ಚಮಚದಲ್ಲಿ ಅರ್ಧ ಗ್ರಾಂನಷ್ಟು ಉಪ್ಪಿರುತ್ತದೆ, ದಿನಕ್ಕೆ ಒಟ್ಟು ಐದು ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ; ರಕ್ತದೊತ್ತಡ ಇರುವವರಿಗೆ ಇದನ್ನು ವಿಟಮಿನ್ನಿನ ಮೂಲವೆಂದು ನಾನು ಹೇಳಲಾರೆ.

ನೀರನ್ನು ಕುದಿಸಿ, ಪೂರ್ತಿ ತಣಿಸಿ ಹಾಕುವುದು ಸೂಕ್ಷ್ಮಜೀವಿಗಳಿಗಾಗಿ ಮಾತ್ರವಲ್ಲ, ಕುದಿತದಲ್ಲಿ ನೀರಿನೊಳಗಿನ ಆಮ್ಲಜನಕವೂ ಹೊರಹೋಗುತ್ತದೆ. ಕಾಯಿ ಮೇಲೆ ತೇಲದಂತೆ ಗಾಜಿನ ತಟ್ಟೆಯನ್ನೋ ಪಿಂಗಾಣಿ ಬಿಲ್ಲೆಯನ್ನೋ ಹೇರಿ, ಭರಣಿಯ ಕತ್ತಿನವರೆಗೆ ನೀರು ತುಂಬಿ. ದೊಡ್ಡ ಭರಣಿಯೊಂದನ್ನು ದಿನವೂ ತೆರೆಯುವುದಕ್ಕಿಂತ ನಾಲ್ಕು ಸಣ್ಣ ಬಾಟಲಿಗಳಲ್ಲಿ ಹಾಕಿ ಒಂದೊಂದಾಗಿ ಮುಗಿಸುವುದು ಜಾಣತನ. ಮೇಲೆ ತೆಳ್ಳನೆ ಬಿಳಿ ಪೊರೆ ಕಟ್ಟಿದರೆ ಗಾಳಿ ತಾಗುತ್ತಿದೆ ಎಂದರ್ಥ. ಹಸಿರು, ಕಪ್ಪು ಬೂಸ್ಟು ಕಂಡರೆ, ಇಲ್ಲವೇ ಕಾಯಿ ಲೋಳೆಯಾದರೆ ಇಡೀ ಬಾಟಲಿಯನ್ನು ಚೆಲ್ಲಬೇಕು.

ಎಣ್ಣೆ, ಖಾರದ ಉಪ್ಪಿನಕಾಯಿಯನ್ನು ರುಚಿಗಾಗಿ ಮಾಡಿ. ಊಟಕ್ಕೆ ಹತ್ತು ಗ್ರಾಂ ಹಾಕಿಕೊಂಡರೆ, ಏನೂ ನಷ್ಟವಾಗದಿದ್ದರೂ 25 ಮಿಲಿಗ್ರಾಂ ದಾಟದು. ಮೊರಬ್ಬದ ಸ್ಥಿತಿ ಇನ್ನೂ ಕಷ್ಟದ್ದು: ಚುಚ್ಚಿ, ಒಗರು ತೆಗೆಯಲು ನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿ, ಬೇಯಿಸಿ ಮತ್ತೆ ಚೆಲ್ಲಿ ಪಾಕಕ್ಕೆ ಹಾಕುವಷ್ಟರಲ್ಲಿ ಉಳಿದದ್ದು ಮುಖ್ಯವಾಗಿ ಸಕ್ಕರೆ. ಅಡುಗೆಯಲ್ಲಿ ಸಮಯವೇ ಮುಖ್ಯ. ಎಣ್ಣೆ ಬಿಡುವವರೆಗೆ ಅರ್ಧ ಗಂಟೆ ಬಾಡಿಸಿದ ತೊಕ್ಕಿನಲ್ಲಿ ಬಹುಪಾಲು ಹೋಗಿರುತ್ತದೆ. ಚಿತ್ರಾನ್ನಕ್ಕೆ ಒಗ್ಗರಣೆ ಇಳಿಸಿದ ಮೇಲೆ ಹಸಿ ತುರಿ ಬೆರೆಸಿದರೆ ಬಹುಪಾಲು ಉಳಿಯುತ್ತದೆ.

ಕಾಯಿ ಆರಿಸುವಾಗ ಗಾತ್ರಕ್ಕೆ ಮರುಳಾಗಬೇಡಿ. ಎನ್‌ಎ-7, ಕೃಷ್ಣ, ಚಕೈಯಾದಂಥ ತೋಟದ ತಳಿಗಳ ದೊಡ್ಡ ಕಾಯಿ ರಸಕ್ಕೆ, ಉಪ್ಪಿನಕಾಯಿಗೆ ಅನುಕೂಲ. ಕಾಡಿನ ಸಣ್ಣ ಕಾಯಿಯಲ್ಲಿ ನಾರು, ಒಗರು ಹೆಚ್ಚು, ಚಟ್ಟಿಗೆ ಅದೇ ಚೆಂದ. ಬಲಿತ ಕಾಯಿ ಹಸಿರಿನಿಂದ ತಿಳಿಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಕೊಂಚ ಪಾರದರ್ಶಕವಾಗಿ, ಆರು ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಕೈಯಲ್ಲಿ ಗಟ್ಟಿಯಾಗಿ, ಗಾತ್ರಕ್ಕೆ ತಕ್ಕಂತೆ ಭಾರವಾಗಿರುತ್ತದೆ. ನೀರು ಕುಡಿದಂಥ ಕಂದು ಮಚ್ಚೆ ಕೊಳೆಯ ಆರಂಭ, ಎರಡು ದಿನದಲ್ಲಿ ಅಲ್ಲಿ ನೀಲಿ ಬೂಸ್ಟು ಏಳುತ್ತದೆ. ದೊಡ್ಡ ಕಾಯಿ ಕೊಳ್ಳುವಾಗ ಒಂದನ್ನು ಅಂಗಡಿಯಲ್ಲೇ ಕತ್ತರಿಸಿ ನೋಡಿ. ಬೋರಾನ್ ಕೊರತೆಯಾದ ಮರದ ಕಾಯಿ ಹೊರಗೆ ನುಣುಪಾಗಿದ್ದು ಬೀಜದ ಸುತ್ತ ಕಂದುಗಪ್ಪಾಗಿರಬಹುದು; ಫ್ರಾನ್ಸಿಸ್ ಎಂಬ ತಳಿಯಲ್ಲಿ ಇದು ಹೆಚ್ಚು.

ನಿಮ್ಮ ಐದು ಕಿಲೋದ ಹಂಚಿಕೆಯನ್ನು ನಾನಾದರೆ ಹೀಗೆ ಮಾಡುತ್ತೇನೆ: ಒಂದು ಕಿಲೋ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದೊಳಗೆ ಹಸಿಯಾಗಿಯೇ ಮುಗಿಸುವುದು, ಒಂದು ಕಿಲೋ ಚಟ್ಟಿಗೆ, ಒಂದು ಕಿಲೋ ಉಪ್ಪುನೀರಿಗೆ, ಉಳಿದ ಎರಡು ಕಿಲೋ ತೊಳೆದು, ಒರೆಸಿ, ಇಡಿಯಾಗಿಯೇ ಫ್ರೀಜರಿಗೆ. ವಿಟಮಿನ್ ಉಳಿಸುವ ಮನೆಯ ವಿಧಾನಗಳಲ್ಲಿ ಫ್ರೀಜರಿಗೆ ಸಾಟಿಯಿಲ್ಲ. ಅಲ್ಲಿಂದ ತೆಗೆದ ಕಾಯಿ ಕರಗಿದರೆ ಮೆತ್ತಗಾಗಿ ರಸ ಬಿಡುತ್ತದೆ, ಆದ್ದರಿಂದ ಕಲ್ಲಿನಂತಿರುವಾಗಲೇ ತುರಿದು ನೇರವಾಗಿ ಚಟ್ನಿಗೆ, ಮೊಸರಿಗೆ ಹಾಕಿ. ಚಟ್ಟನ್ನು ಪುಡಿ ಮಾಡಿಡದೆ ಹೋಳಾಗಿಯೇ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಕತ್ತಲೆಯ ಕಪಾಟಿನಲ್ಲಿಡಿ. ಪುಡಿಗೆ ಗಾಳಿ ತಾಗುವ ಮೈ ಹೆಚ್ಚು, ವಾರಕ್ಕೆ ಬೇಕಾದಷ್ಟನ್ನೇ ಕುಟ್ಟಿಕೊಂಡರೆ ಸಾಕು.