ಡೇಟ್‌ನಲ್ಲಿ ತನ್ನ ಪಾಲಿನ ಬಿಲ್ ತಾನೇ ಕೊಟ್ಟರೆ ಆಸಕ್ತಿಯಿಲ್ಲವೆಂದು ಅರ್ಥವೇ?

ಪ್ರಶ್ನೆ: ಮೊದಲ ಡೇಟ್‌ನಲ್ಲಿ ಎರಡು ಗಂಟೆ ಚೆನ್ನಾಗಿಯೇ ಮಾತನಾಡಿದೆವು. ಬಿಲ್ ಬಂದಾಗ ನಾನು ಕೊಡುತ್ತೇನೆಂದು ಎಷ್ಟು ಹೇಳಿದರೂ ಕೇಳದೆ ಅವಳು ತನ್ನ ಪಾಲನ್ನು ಲೆಕ್ಕ ಹಾಕಿ ಕೊಟ್ಟುಬಿಟ್ಟಳು. ಅವಳಿಗೆ ನಾನು ಇಷ್ಟವಾಗಲಿಲ್ಲವೇ?

ಉತ್ತರ: ಅಷ್ಟರಿಂದಲೇ ಹಾಗೆ ತೀರ್ಮಾನಿಸಲಾಗದು. ಹಾಗೆ ತೀರ್ಮಾನಿಸಿ ನಾನೇ ಒಮ್ಮೆ ಎಡವಿದ್ದೇನೆ.

ಈಗ ನನ್ನ ಪತ್ನಿಯಾಗಿರುವವರು ನಮ್ಮ ಮೊದಲ ಭೇಟಿಯಲ್ಲಿ ಬಿಲ್ಲಿನ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿ, ತಮ್ಮ ಪಾಲನ್ನು ಚಿಲ್ಲರೆಯ ಸಮೇತ ಮೇಜಿನ ಮೇಲಿಟ್ಟಿದ್ದರು. ಋಣ ಉಳಿಸಿಕೊಳ್ಳದೆ ಕೈತೊಳೆದುಕೊಂಡರೆಂದು ಭಾವಿಸಿ ನಾನು ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಅವರೇ ಸಂದೇಶ ಕಳುಹಿಸಿ ಮತ್ತೆ ಯಾವಾಗ ಸಿಗೋಣವೆಂದು ಕೇಳಿದರು. ಹಿಂದೆ ಅವರಿಗೆ ಪರಿಚಯವಿದ್ದ ಒಬ್ಬಾತ ತಾನು ಮಾಡಿದ ಖರ್ಚನ್ನೆಲ್ಲ ನೆನಪಿಟ್ಟುಕೊಂಡು ಜಗಳವಾದಾಗಲೆಲ್ಲ ಎತ್ತಿ ಆಡುತ್ತಿದ್ದನಂತೆ. ಅಂದಿನಿಂದ ಯಾರ ಹಂಗಿಗೂ ಬೀಳಬಾರದೆಂದು ಅವರು ನಿಶ್ಚಯಿಸಿದ್ದರು. ಆ ಚಿಲ್ಲರೆಗೂ ನನಗೂ ಸಂಬಂಧವೇ ಇರಲಿಲ್ಲ.

ಆಸಕ್ತಿಯಿದ್ದವರೂ ಇಲ್ಲದವರೂ ಬೇರೆ ಬೇರೆಯಾಗಿ ನಡೆದುಕೊಂಡಾಗ ಮಾತ್ರ ಒಂದು ನಡೆಯನ್ನು ಸೂಚನೆಯೆಂದು ಎಣಿಸಬಹುದು. ಬಿಲ್ಲಿನ ವಿಷಯದಲ್ಲಿ ಹಾಗಾಗುವುದಿಲ್ಲ: ಮತ್ತೆ ಭೇಟಿಯಾಗುವ ಮನಸ್ಸಿಲ್ಲದವರು ಹಂಗು ಬೇಡವೆಂದು ತಮ್ಮ ಪಾಲು ಕೊಡುತ್ತಾರೆ, ಸರಿಸಮಾನರಾಗಿ ಭೇಟಿಯಾಗುತ್ತಿರಬೇಕೆಂದು ಬಯಸುವವರೂ ಅದನ್ನೇ ಮಾಡುತ್ತಾರೆ. ಇನ್ನು ಕೆಲವರು, ಮುಂದೆ ಸಿಗುವುದಿಲ್ಲವೆಂಬ ಮುಜುಗರವನ್ನು ಮುಚ್ಚಿಕೊಳ್ಳಲೆಂದೇ ಪೂರ್ತಿ ಬಿಲ್ ಕೊಟ್ಟು ಹೊರಡುತ್ತಾರೆ.

ಹಾಗಾಗಿ ಹಣದ ಬದಲು ಅದರ ನಂತರ ನಡೆದದ್ದನ್ನು ನೆನಪಿಸಿಕೊಳ್ಳಿ. ಬಿಲ್ ತೀರಿದ ಮೇಲೆ ಕುಳಿತಿರಲು ಯಾವ ಕಾರಣವೂ ಇರುವುದಿಲ್ಲ. ಆದರೂ ಅವರು ಅರ್ಧ ಗಂಟೆ ಮಾತು ಮುಂದುವರಿಸಿದರೇ, ಅಥವಾ ಆಗಲೇ ಚೀಲ ಹೆಗಲಿಗೇರಿಸಿದ್ದರೇ? ಮುಂದಿನ ಭೇಟಿಗೆ ನೀವು ಹೇಳಿದ ದಿನ ಆಗದೆಂದಾಗ ತಾವೇ ಇನ್ನೊಂದು ದಿನ ಸೂಚಿಸುವವರಿಗೂ ಬರೀ 'ನೋಡೋಣ' ಎನ್ನುವವರಿಗೂ ಬಹಳ ಅಂತರವಿದೆ.

ಹಣದ ನಡವಳಿಕೆಯಿಂದ ಏನೂ ತಿಳಿಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಪ್ರತಿ ಸಲವೂ ಪರ್ಸ್ ಮರೆತು ಬರುವವರು, ಬಿಲ್ಲಿನ ನೆಪದಲ್ಲಿ ಬಡಿಸುವವನನ್ನು ಗದರುವವರು ಜೊತೆಗೆ ಬಾಳಲು ಹೇಗಿರುತ್ತಾರೆಂಬುದು ಅದರಿಂದ ತಿಳಿದೀತು. ಆದರೆ ಅಂಥವರಿಗೂ ನಿಮ್ಮ ಮೇಲೆ ಅಪಾರ ಪ್ರೀತಿಯಿರಬಹುದು. ಅದು ಬೇರೆಯೇ ಪ್ರಶ್ನೆ.

'ಎಷ್ಟು ಹೇಳಿದರೂ' ಎಂದು ಬರೆದಿದ್ದೀರಿ. ಒಮ್ಮೆ ಹೇಳುವುದು ಸೌಜನ್ಯ, ಮೂರನೆಯ ಸಲಕ್ಕೆ ಅದು ಒತ್ತಾಯ. ಈಗ ಒಂದು ನಿರ್ದಿಷ್ಟ ದಿನ ಮತ್ತು ಸಮಯ ಸೂಚಿಸಿ ಸಂದೇಶ ಕಳುಹಿಸಿ. ಅದರಲ್ಲಿ ಬಿಲ್ಲಿನ ಮಾತು ಬೇಡ.